ಹೆಬ್ಬೆಟ್ಟಿನಲ್ಲಿ ಮುಚ್ಚಿ ಕಲಿತ ಮೂರು ಮಾತು

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವ ರಸ್ತೆಯ ಮೇಲೆ ಒಂದು ಊರು. ಅದರ ಹೆಸರು ಹೇಳುವುದಿಲ್ಲ. ಅಲ್ಲಿಯವರಿಗೆ ಬೇಜಾರಾಗುತ್ತದೆ ಎಂಬ ಮುಲಾಜೇನೂ ನನಗಿಲ್ಲ. ಆ ಹೆಸರು ಬರೆಯಹೊರಟರೆ ನನಗೇ ಮೈ ಉರಿಯುತ್ತದೆ, ಬರವಣಿಗೆ ಕೆಡುತ್ತದೆ, ಅಷ್ಟಕ್ಕೇ ಬಿಟ್ಟಿದ್ದೇನೆ.

ಮಹಾರಾಜರ ಕಾಲ. ಊರಿನ ಹಿರಿಯರೇ ದುಡ್ಡು ಹಾಕಿ ಕಟ್ಟಿಸಿದ ಹೆಣ್ಣುಮಕ್ಕಳ ಶಾಲೆ ಅದು. ಸರ್ಕಾರದಿಂದ ಗ್ರಾಂಟು ಬರುತ್ತಿತ್ತು, ನಡೆಸುವುದಕ್ಕೆ ಊರಿನದೇ ಒಂದು ಕಮಿಟಿ ಇತ್ತು. ಆ ಶಾಲೆಯ ದೊಡ್ಡ ತರಗತಿಗೆ ಇಂಗ್ಲಿಷ್ ಹೇಳಿಕೊಡಲು ನನ್ನನ್ನು ನೇಮಿಸಿಕೊಂಡಿದ್ದರು. ನನಗಾಗ ಇಪ್ಪತ್ತು ದಾಟಿತ್ತು. ಮೈಸೂರಿನಲ್ಲಿ ಓದಿ ಬಂದವಳು, ಬಾಯಿ ಸ್ವಲ್ಪ ಜೋರು. ನೇಮಿಸಿಕೊಳ್ಳುವಾಗ ಬಾಯಿ ಎಷ್ಟು ಜೋರು ಅಂತ ಯಾರೂ ಕೇಳಲಿಲ್ಲ. ಆಮೇಲೆ ಎಲ್ಲರಿಗೂ ಗೊತ್ತಾಯಿತು.

ಕಮಿಟಿಯ ಅಧ್ಯಕ್ಷರು ರಾಗಿ, ಹೊಗೆಸೊಪ್ಪಿನ ವ್ಯಾಪಾರಿಗಳು. ಹಣೆ ತುಂಬ ವಿಭೂತಿ, ಮಾತು ಬೆಣ್ಣೆ. ಊರೆಲ್ಲ ಅವರನ್ನು ಯಜಮಾನರು ಎನ್ನುತ್ತಿತ್ತು. ಇಂಗ್ಲಿಷ್ ಒಂದಕ್ಷರ ಬಾರದಿದ್ದರೂ ಮೈಸೂರಿನ ಬಸ್ಸಿನಲ್ಲಿ ದಿನಾ ಒಂದು ಇಂಗ್ಲಿಷ್ ಪತ್ರಿಕೆ ತರಿಸುತ್ತಿದ್ದರು. ಅದನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಓಡಾಡುವುದು ಅವರ ದೊಡ್ಡಸ್ತಿಕೆ. ಓದಿ ಹೇಳುವುದಕ್ಕೆ ಇನ್ನೊಬ್ಬರು ಇದ್ದರು: ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ಪಿಂಚಣಿ ಪಡೆದು ಊರಿಗೆ ಬಂದು ಕೂತವರು. ಕಮಿಟಿಯಲ್ಲಿ ಇಂಗ್ಲಿಷ್ ಬಲ್ಲವರು ಅವರೊಬ್ಬರೇ.

ಇಂಗ್ಲಿಷ್ ಕ್ಲಾಸು ಯಜಮಾನರ ಕಣ್ಣಿಗೆ ಚುಚ್ಚುತ್ತಿತ್ತು. ಆ ಹೊತ್ತಿನಲ್ಲಿ ಹೊಲಿಗೆ ಹೇಳಿಕೊಟ್ಟರೆ ಗಂಡಿನ ಕಡೆಯವರು ಮೆಚ್ಚುತ್ತಾರೆ ಎಂಬುದು ಅವರ ಲೆಕ್ಕ. ನೇರವಾಗಿ ಹಾಗೆನ್ನಲು ಬಾಯಿ ಬರುತ್ತಿರಲಿಲ್ಲ, ಯಾಕೆಂದರೆ ಇಂಗ್ಲಿಷ್ ಇದೆ ಎಂದು ಹೇಳಿಕೊಂಡೇ ಗ್ರಾಂಟು ತಂದಿದ್ದರು. ಅದಕ್ಕೆ ಒಂದು ಉಪಾಯ ಮಾಡಿದರು. ಮಕ್ಕಳಿಗೆ ನಿಜಕ್ಕೂ ಬರುತ್ತದೋ ಇಲ್ಲವೋ ಕಮಿಟಿಯೇ ಪರೀಕ್ಷೆ ಮಾಡಿ ನೋಡಲಿ, ಬಾರದಿದ್ದರೆ ಸುಮ್ಮನೆ ಯಾಕೆ ಹೊತ್ತು ದಂಡ, ಅಂದರು. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು, ನಾನೂ ತಲೆಯಾಡಿಸಿದೆ.

ನನ್ನ ಕ್ಲಾಸಿನಲ್ಲಿ ಇದ್ದದ್ದೇ ಹತ್ತು ಹನ್ನೊಂದು ಹುಡುಗಿಯರು. ಬಹುಪಾಲು ಮನೆಯವರು ಇಂಗ್ಲಿಷನ್ನು ಹಬ್ಬದ ಸೀರೆಯ ಹಾಗೆ ನೋಡುತ್ತಿದ್ದರು, ಇದ್ದರೆ ಚೆಂದ, ಇಲ್ಲದಿದ್ದರೆ ನಷ್ಟವೇನಿಲ್ಲ. ಒಬ್ಬಳಿಗೆ ಮಾತ್ರ ಅದು ಬೇಕೇ ಬೇಕಿತ್ತು. ಗುರುಪುರದ ರೈತರ ಮಗಳು, ಓದಲಿಕ್ಕೆಂದು ಆ ಊರಿನಲ್ಲಿದ್ದ ತನ್ನ ದೊಡ್ಡಮ್ಮನ ಮನೆಯಲ್ಲಿ ಇದ್ದಳು. ಹುಣಸೂರಿನ ಆಸ್ಪತ್ರೆಗೆ ಒಂದು ಸಲ ತಮ್ಮನನ್ನು ಕರೆದುಕೊಂಡು ಹೋದಾಗ ಅಲ್ಲಿ ಕೈಗೆ ಗಡಿಯಾರ ಕಟ್ಟಿಕೊಂಡು ನಾಡಿ ನೋಡುತ್ತಿದ್ದ ನರ್ಸಮ್ಮನನ್ನು ಕಂಡಿದ್ದಳು. ಅವತ್ತಿನಿಂದ ತಾನೂ ನರ್ಸ್ ಆಗಬೇಕೆಂದು ಹಟ. ಮೈಸೂರಿನಲ್ಲಿ ಆ ತರಬೇತಿಗೆ ಸೇರಬೇಕಾದರೆ ಇಂಗ್ಲಿಷ್ ಸಮೇತ ಮಿಡ್ಲ್ ಸ್ಕೂಲ್ ಪರೀಕ್ಷೆ ಪಾಸಾಗಿರಬೇಕು ಎಂದು ನಾನೇ ವಿಚಾರಿಸಿ ಹೇಳಿದ್ದೆ. ಕ್ಲಾಸು ನಿಂತರೆ ಅವಳ ನರ್ಸ್ ಕೆಲಸವೂ ಅಲ್ಲಿಗೇ ನಿಂತಂತೆ.

ಅವಳ ದೊಡ್ಡಮ್ಮ ಮುತ್ತುಗದ ಎಲೆ ಹಚ್ಚಿ ಮಾರುವಾಕೆ. ಒಂದು ದಿನ ಶಾಲೆಯ ಬಾಗಿಲಿಗೇ ಬಂದು ನನ್ನನ್ನು ಕೇಳಿದರು. “ಇವ್ಳಿಗೆ ಇಂಗ್ಲೀಸು ಹತ್ತತದಾ ಮೇಷ್ಟ್ರಮ್ಮ? ಹತ್ತತದೆ ಅನ್ನಿ, ಕಲೀಲಿ. ಹತ್ತಾಕಿಲ್ಲ ಅಂದ್ರೆ ನನ್ನ ಜೊತೆ ಕೂತು ಎಲೆ ಹಚ್ಲಿ. ಸುಮ್ಕೆ ಆಸೆ ಹುಟ್ಟಿಸ್ಬೇಡಿ.”

“ಹತ್ತುತ್ತದೆ” ಅಂದೆ.

ದಸರಾ ರಜೆಗೆ ಮುಂಚೆ ಕಮಿಟಿ ಬಂತು. ಕುರ್ಚಿಗಳ ಮೇಲೆ ಯಜಮಾನರು, ಶಿರಸ್ತೇದಾರರು, ಇನ್ನು ಮೂರು ಮಂದಿ. ಶಿರಸ್ತೇದಾರರು ಒಂದೇ ಒಂದು ವಾಕ್ಯ ಹೇಳಿ ಬರೆಸಿದರು. ಕಮಿಟಿ ನಾಳೆ ಈ ವಿಳಾಸದಲ್ಲಿ ಸೇರುತ್ತದೆ ಎಂಬ ವಾಕ್ಯ, ಇಂಗ್ಲಿಷಿನಲ್ಲಿ. ಕಚೇರಿಯಲ್ಲಿ ಇಡೀ ಆಯುಸ್ಸು ಅದನ್ನೇ ಬರೆದವರು, ಬೇರೇನು ಹೊಳೆದೀತು? ಅದರಲ್ಲಿ ಕಮಿಟಿ, ಟುಮಾರೋ, ಅಡ್ರೆಸ್ ಮೂರೂ ಇದ್ದವು. ಇಂಗ್ಲಿಷ್ ಕಲಿಯುವವರನ್ನು ಮುಗ್ಗರಿಸಲೆಂದೇ ಇರುವ ಮೂರು ಕಲ್ಲುಗಳು ಅವು.

ಹುಡುಗಿಯರು ಮೂರಕ್ಕೆ ಮೂರೂ ತಪ್ಪು ಬರೆದರು. ಒಬ್ಬಳು comitee, ಇನ್ನೊಬ್ಬಳು commitee. ಎಲ್ಲರದೂ adress. ಟುಮಾರೋಗೆ ಮಾತ್ರ ಎಲ್ಲರೂ ಸೇರಿ ಮಾತಾಡಿಕೊಂಡ ಹಾಗೆ tommorow. ಗುರುಪುರದವಳದೂ ಅದೇ. ಶಿರಸ್ತೇದಾರರು ಸ್ಲೇಟುಗಳನ್ನು ಒಂದೊಂದಾಗಿ ಎತ್ತಿ ಯಜಮಾನರಿಗೆ ತೋರಿಸಿ ನಕ್ಕರು. ಏನು ತಪ್ಪಾಗಿದೆ ಎಂದು ಗೊತ್ತಿಲ್ಲದ ಯಜಮಾನರೂ ನಕ್ಕರು. ನನಗೆ ಆ ಎರಡನೆಯ ನಗುವಿನ ಮೇಲೆ ಬಂದ ಸಿಟ್ಟು ಮೊದಲನೆಯದರ ಮೇಲೆ ಬರಲಿಲ್ಲ.

“ನೋಡಮ್ಮ, ರಜೆ ಮುಗಿದ ಮೇಲೆ ಇದೇ ವಾಕ್ಯ ಕೇಳುತ್ತೇನೆ” ಅಂದರು ಶಿರಸ್ತೇದಾರರು. “ಆಗಲೂ ಹೀಗೇ ಇದ್ದರೆ ಕ್ಲಾಸು ಮುಚ್ಚೋದೇ ಸರಿ. ಸ್ಪೆಲ್ಲಿಂಗ್ ಅಂದರೆ ಬಾಯಿಪಾಠ. ನಮ್ಮ ಮೇಷ್ಟರು ಹೇಗೆ ಕಲಿಸಿದರು ಗೊತ್ತಾ?” ಎಂದು ಬೆತ್ತ ತೆಗೆದುಕೊಂಡು ಮೇಜಿನ ಮೇಲೆ ತಾಳ ಹಾಕುತ್ತ ಶುರು ಮಾಡಿದರು. “ಸಿ, ಓ, ಡಬಲ್ ಎಂ, ಐ, ಡಬಲ್ ಟಿ, ಡಬಲ್ ಇ.” ಡಬಲ್ ಬಂದಲ್ಲಿ ಎರಡು ಏಟು.

ಅವರ ಮಾತಿನಂತೆ ನಾನೂ ಕೆಲವು ದಿನ ತಾಳ ಹಾಕಿಸಿದೆ. ಹುಡುಗಿಯರಿಗೆ ಬಲು ಖುಷಿ. ಹಾಡಿದ್ದೇ ಹಾಡಿದ್ದು, ಬೀದಿಯವರೆಗೂ ಕೇಳುತ್ತಿತ್ತು. ಆದರೆ ಹಾಡಿನ ಗುಣ ನೋಡಿ, ಒಂದು ಕಡೆ ಡಬಲ್ ಚೆಂದ ಕೇಳಿಸಿದರೆ ಇನ್ನೊಂದು ಕಡೆಗೂ ಅದು ತಾನಾಗಿ ಬಂದು ಕೂರುತ್ತದೆ. ಟಿ, ಓ, ಡಬಲ್ ಎಂ, ಓ, ಡಬಲ್ ಆರ್ ಅಂತ ಎಷ್ಟು ಸೊಗಸಾಗಿ ಹೋಗುತ್ತದೆ! ತಾಳಕ್ಕೆ ಸರಿ, ಅಕ್ಷರಕ್ಕೆ ತಪ್ಪು. ಬೆತ್ತದಲ್ಲಿ ಎರಡು ಸಲ ಹೊಡೆದರೆ ಮೇಜು ಸವೆಯುತ್ತದೆಯೇ ಹೊರತು ಯಾವ ಅಕ್ಷರ ಎರಡು, ಯಾಕೆ ಎರಡು ಎಂದು ಯಾವ ಹುಡುಗಿಗೂ ತಿಳಿಯುವುದಿಲ್ಲ.

ಗುರುಪುರದವಳು ಒಂದು ದಿನ ನಿಂತು ಕೇಳಿದಳು. “ಅಮ್ಮಾವ್ರೇ, ಕಮಿಟೀಲಿ ಒತ್ತು ಎಲ್ಲೈತೆ? ನಂಗೆ ಕೇಳ್ಸಾಕೇ ಇಲ್ವಲ್ಲ.”

ಇದೇ ನೋಡಿ ವಿಷಯ. ಅಕ್ಕ, ಅಪ್ಪ, ಹಳ್ಳಿ ಎನ್ನುವಾಗ ಒತ್ತು ಕಿವಿಗೆ ಬೀಳುತ್ತದೆ, ಬಿದ್ದದ್ದನ್ನು ಬರೆಯುತ್ತೇವೆ. ನಮ್ಮ ಮಕ್ಕಳು ಇಂಗ್ಲಿಷನ್ನೂ ಹಾಗೇ ಕಿವಿಯಿಂದ ಬರೆಯುತ್ತಿದ್ದರು. ಕಮಿಟಿಯಲ್ಲಿ ಒತ್ತು ಕೇಳಿಸುವುದಿಲ್ಲ, ಆದ್ದರಿಂದ ಹಾಕಲಿಲ್ಲ. ಟುಮಾರೋವನ್ನು ನಮ್ಮ ಕಡೆ ಟುಮ್ಮಾರೋ ಎನ್ನುತ್ತಾರೆ, ಆದ್ದರಿಂದ ಎಂ ಎರಡು ಹಾಕಿದರು. ಮಕ್ಕಳ ತಪ್ಪಿನಲ್ಲಿ ಒಂದು ನ್ಯಾಯ ಇತ್ತು. ಕಿವಿಯನ್ನು ನಂಬಬೇಡಿ, ಕಣ್ಣನ್ನು ನಂಬಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಸೇರಿ.

ದಸರಾ ರಜೆಗೆ ಊರಿಗೆ ಹೋಗದೆ ಅಲ್ಲೇ ಉಳಿದೆ. ಗುರುಪುರದವಳೂ ಹೋಗಲಿಲ್ಲ. ಹತ್ತಿರದ ಮನೆಗಳ ನಾಲ್ಕಾರು ಹುಡುಗಿಯರು ನನ್ನ ಮನೆಯ ಜಗಲಿಗೆ ಬರುತ್ತಿದ್ದರು. ಅಲ್ಲಿ ತಾಳ ಬಿಟ್ಟು ಹೆಬ್ಬೆಟ್ಟು ಹಿಡಿದೆವು.

ಮೊದಲು ಟುಮಾರೋ. ಆಗಿನ ಪಾಠಪುಸ್ತಕಗಳಲ್ಲಿ ಅದನ್ನು ನಡುವೆ ಸಣ್ಣ ಗೀಟು ಹಾಕಿ to-morrow ಎಂದೇ ಅಚ್ಚು ಮಾಡುತ್ತಿದ್ದರು, to-day, to-night ಇದ್ದ ಹಾಗೆ. ಇವತ್ತಿನ ಮಕ್ಕಳು ಆ ಗೀಟನ್ನು ಕಂಡಿಲ್ಲ. “ಮೊದಲ ಎರಡಕ್ಷರ ಹೆಬ್ಬೆಟ್ಟಿನಲ್ಲಿ ಮುಚ್ಚಿ” ಅಂದೆ. “ಮುಚ್ಚಿದ ಮೇಲೆ ಉಳಿದದ್ದು ತಾನೇ ಒಂದು ಮಾತಾಗಿ ನಿಲ್ಲಬೇಕು. ಟು ಮುಚ್ಚಿದರೆ ಡೇ ನಿಲ್ಲುತ್ತದೆ, ನೈಟ್ ನಿಲ್ಲುತ್ತದೆ, ಮಾರೋ ನಿಲ್ಲುತ್ತದೆ, ಅದು ಮಾರನೆಯ ದಿನಕ್ಕೆ ಹಳೆಯ ಮಾತು.” ಗುರುಪುರದವಳು ತನ್ನ ಹಳೆಯ tommorow ಬರೆದು ಹೆಬ್ಬೆಟ್ಟು ಇಟ್ಟು ನೋಡಿದಳು. ಮುಂದೆ ಎರಡು ಎಂ ಹೊತ್ತುಕೊಂಡು ಒಂದು ಅನಾಥ ಮಾತು ಉಳಿಯಿತು. “ಎರಡು ಎಮ್ಮಿಂದ ಯಾವ ಮಾತೂ ಶುರುವಾಗಾಕಿಲ್ಲ ಅಲ್ವಾ?” ಅಂದಳು. ಹೌದು, ಎಂ ಒಂದೇ. ಆರ್ ಎಷ್ಟು ಎಂದು ಸಂಶಯ ಬಂದರೆ ಅದರ ನೆಂಟರನ್ನು ನೋಡಬೇಕು: ಬಾರೋ ಅಂದರೆ ಸಾಲ ಪಡೆಯುವುದು, ಸಾರೋ ಅಂದರೆ ದುಃಖ. ಎರಡೂ ಅವರ ಪಾಠದಲ್ಲೇ ಬಂದಿದ್ದವು, ಎರಡರಲ್ಲೂ ಆರ್ ಜೋಡಿ. ನಾಳೆಗೂ ಅದೇ ಜೋಡಿ.

ಅಡ್ರೆಸ್‌ಗೂ ಮೊದಲ ಎರಡಕ್ಷರಕ್ಕೇ ಹೆಬ್ಬೆಟ್ಟು. ಎ, ಡಿ ಮುಚ್ಚಿದರೆ ಉಳಿದದ್ದು ಡ್ರೆಸ್ ಆಗಿರಬೇಕು, ಉಡುಪು. ಡ್ರೆಸ್‌ಗೆ ತನ್ನದೇ ಒಂದು ಡಿ ಉಂಟು, ಕೊನೆಗೆ ಎಸ್ ಎರಡು. adress ಬರೆದು ಮುಚ್ಚಿ ನೋಡಿದರೆ ress ಉಳಿಯುತ್ತದೆ, ಅದು ಯಾವ ಊರಿನ ಮಾತೂ ಅಲ್ಲ. ಹೆಬ್ಬೆಟ್ಟಿನ ಕೆಳಗೆ ಒಂದು ಡಿ, ಆಚೆಗೆ ಒಂದು ಡಿ. ಅಷ್ಟೇ, ಮುಗಿಯಿತು.

ಕಮಿಟಿಗೆ ಹೆಬ್ಬೆಟ್ಟು ಸಾಲದು, ತುಂಡು ಮಾಡಬೇಕು. com, mit, tee. ಮೂರು ತುಂಡು, ತುಂಡಿಗೆ ಮೂರಕ್ಷರ. ಮೂರು ಮಂದಿಗೆ ಮೂರು ಮೂರು ಇಡ್ಲಿ ಬಡಿಸಿದ ಹಾಗೆ ಅಂದೆ, ಯಾರಿಗೂ ಕಮ್ಮಿಯಾಗಬಾರದು. ಒಂದು ಎಂ ಬಿಟ್ಟರೂ, ಒಂದು ಟಿ ಬಿಟ್ಟರೂ, ಒಂದು ಇ ಬಿಟ್ಟರೂ ಯಾವುದೋ ಎಲೆಯಲ್ಲಿ ಎರಡೇ ಇಡ್ಲಿ. ಮೊದಲ ತುಂಡು ಎಂನಿಂದ ಮುಗಿಯುತ್ತದೆ, ಎರಡನೆಯದು ಎಂನಿಂದಲೇ ಶುರು. ಎರಡನೆಯದು ಟಿಯಿಂದ ಮುಗಿಯುತ್ತದೆ, ಮೂರನೆಯದು ಟಿಯಿಂದಲೇ ಶುರು. ಡಬಲ್ ಎಲ್ಲಿ ಎಂದು ಹಾಡಿ ನೆನಪಿಡುವ ಕೆಲಸವೇ ಇಲ್ಲ.

ಹುಡುಗಿಯರಿಗೆ ಒಂದು ಅಭ್ಯಾಸ ಮಾಡಿಸಿದೆ. ಮಾತು ಬರೆಯುವಾಗ ತುಂಡಿನ ನಡುವೆ ಒಂದು ಸಣ್ಣ ಗೀಟು ಹಾಕುವುದು, ಪರೀಕ್ಷಿಸಿ ನೋಡುವುದು, ಸರಿಯಿದ್ದರೆ ಕೊನೆಯಲ್ಲಿ ಹೆಬ್ಬೆಟ್ಟಿಗೆ ಎಂಜಲು ಹಚ್ಚಿ ಟುಮಾರೋದ ಗೀಟು ಬಿಟ್ಟು ಉಳಿದ ಗೀಟು ಒರೆಸುವುದು. ಒಂದು ವಾರದಲ್ಲಿ ಯಾರೂ ತಪ್ಪುತ್ತಿರಲಿಲ್ಲ. ರಜೆ ಮುಗಿದು ಉಳಿದವರು ಬಂದಾಗ ಗುರುಪುರದವಳೇ ಅವರಿಗೆ ಹೇಳಿಕೊಟ್ಟಳು, ನನಗಿಂತ ಗಟ್ಟಿಯಾಗಿ, “ಮುಚ್ಚಿ ನೋಡೇ, ಮುಚ್ಚಿ ನೋಡು” ಎಂದು ತಲೆಯ ಮೇಲೆ ಮೊಟಕುತ್ತ. ಮುಂದೆ ಇವಳು ಆಸ್ಪತ್ರೆಯಲ್ಲಿ ರೋಗಿಗಳಿಗೆ ಕಷಾಯ ಕುಡಿಸುವುದೂ ಹೀಗೇ ಎಂದು ನನಗೆ ನಗು ಬರುತ್ತಿತ್ತು.

ಕಮಿಟಿ ಮತ್ತೆ ಬಂತು. ಅವೇ ಕುರ್ಚಿಗಳು. ಯಜಮಾನರ ಕಂಕುಳಲ್ಲಿ ಅದೇ ಪತ್ರಿಕೆ. ಶಿರಸ್ತೇದಾರರು ಅದೇ ವಾಕ್ಯ ಹೇಳಿದರು. ಬಳಪಗಳು ಕಿರ್ರೆಂದವು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಎಲ್ಲರೂ ಗೀಟು ಹಾಕಿದರು, ಮುಚ್ಚಿ ನೋಡಿದರು, ಎಣಿಸಿ ನೋಡಿದರು. ಒಂದು ಸ್ಲೇಟಿನಲ್ಲೂ ತಪ್ಪಿರಲಿಲ್ಲ. ಇನ್ನು ಗೀಟು ಒರೆಸುವುದೊಂದು ಬಾಕಿ.

“ಬಳಪ ಕೆಳಗಿಡಿ. ಸ್ಲೇಟು ಮುಂದಿಡಿ” ಅಂದರು ಶಿರಸ್ತೇದಾರರು.

ಒಬ್ಬಳಾದರೂ ಒಂದು ಗಳಿಗೆ ತಡೆಯಿರಿ ಅನ್ನಲಿಲ್ಲ. ಅನ್ನುವ ಹಾಗೂ ಇರಲಿಲ್ಲ. ಕುರ್ಚಿಯ ಮೇಲೆ ಕೂತ ಹಿರಿಯರು ಇಡು ಅಂದರೆ ಇಡಬೇಕು, ಕೊಡು ಅಂದರೆ ಕೊಡಬೇಕು, ಎದುರಾಡಬಾರದು ಎಂದು ಆ ಮಕ್ಕಳು ತೊಟ್ಟಿಲಿನಿಂದ ಕಲಿತಿದ್ದರು. ಹನ್ನೊಂದು ಹೆಬ್ಬೆಟ್ಟು ತುಟಿಯ ಹತ್ತಿರಕ್ಕೆ ಹೋಗಿ ಹಾಗೇ ಕೆಳಗಿಳಿದವು. ಮನೆಮನೆಯಲ್ಲೂ ತಲೆ ಬಗ್ಗಿಸುವುದನ್ನೇ ಕಲಿಸಿ, ಆಮೇಲೆ ಬಗ್ಗಿದ ತಲೆ ನೋಡಿ ಇವಕ್ಕೆ ಏನೂ ಬರುವುದಿಲ್ಲ ಎನ್ನುವುದು ನಮ್ಮ ಜನರ ಹಳೆಯ ವಿದ್ಯೆ.

ಶಿರಸ್ತೇದಾರರು ಮೊದಲ ಸ್ಲೇಟು ಎತ್ತಿದರು. The com-mit-tee will meet to-morrow at this ad-dress. ಹುಬ್ಬು ಗಂಟಿಕ್ಕಿತು. ಎರಡನೆಯದು ಎತ್ತಿದರು, ಅದೂ ಹಾಗೇ.

“ಏನಮ್ಮ ಇದು? ಮಾತನ್ನು ಕಡಿದು ಕಡಿದು ಹಾಕಿದ್ದಾರೆ. ಟುಮಾರೋಗೆ ಗೀಟು ಸರಿ. ಉಳಿದದ್ದಕ್ಕೆ ಗೀಟು ಯಾರು ಹೇಳಿದರು? ಎಲ್ಲಾ ತಪ್ಪು.”

“ತಪ್ಪಂತೆ” ಎಂದು ಯಜಮಾನರು ಪಕ್ಕದವರಿಗೆ ಹೇಳಿದರು. ಆ ದನಿಯಲ್ಲಿದ್ದ ಸಮಾಧಾನ ನನಗೆ ಇವತ್ತಿಗೂ ಕೇಳಿಸುತ್ತದೆ.

ಕೋಪ ನೆತ್ತಿಗೇರಿತು. ಮುಂದೆ ಹೋದೆ. “ಗೀಟು ನಾನು ಹೇಳಿಕೊಟ್ಟದ್ದು. ಪರೀಕ್ಷಿಸಿಕೊಳ್ಳಲು ಹಾಕುತ್ತಾರೆ, ಆಮೇಲೆ ಒರೆಸುತ್ತಾರೆ. ಒರೆಸಲು ತಾವು ಬಿಡಲಿಲ್ಲ. ಅಕ್ಷರ ನೋಡಿ ಸ್ವಾಮಿ, ಒಂದಾದರೂ ಹೆಚ್ಚು ಕಮ್ಮಿ ಇದೆಯೇ?”

“ಅಕ್ಷರ ಇರಬಹುದು. ಹೀಗೆ ಕಡಿದು ಬರೆಯುವ ಪದ್ಧತಿ ಇಂಗ್ಲಿಷಿನಲ್ಲಿ ಇಲ್ಲ.”

“ಇದೆ” ಅಂದೆ. ಅಂದವಳೇ ಯಜಮಾನರ ಮುಂದೆ ಕೈ ಚಾಚಿದೆ. “ಆ ಪತ್ರಿಕೆ ಸ್ವಲ್ಪ ಕೊಡಿ.”

ಅವರು ಬೆಚ್ಚಿದರು. ಆ ಪತ್ರಿಕೆಯನ್ನು ಶಿರಸ್ತೇದಾರರ ಹೊರತು ಯಾರೂ ಅವರ ಕಂಕುಳಿನಿಂದ ಕೇಳಿ ತೆಗೆದುಕೊಂಡಿರಲಾರರು. ಅವರು ಕೊಡುವವರೆಗೂ ನಾನು ಕೈ ಹಿಂದೆಗೆಯಲಿಲ್ಲ. ಬಿಚ್ಚಿ ಮೇಜಿನ ಮೇಲೆ ಹರಡಿದೆ. ಪತ್ರಿಕೆಯ ಕಾಲಂ ಕಿರಿದು, ಸಾಲಿನ ಕೊನೆಯಲ್ಲಿ ಮಾತು ಹಿಡಿಸದಿದ್ದರೆ ಗೀಟು ಹಾಕಿ ಮುರಿದು ಮುಂದಿನ ಸಾಲಿಗೆ ಹಾಕುತ್ತಾರೆ. ಕಮಿಟಿ ಹುಡುಕಲು ಕಷ್ಟವಾಗಲಿಲ್ಲ. ಆಗಿನ ಪತ್ರಿಕೆಯಲ್ಲಿ ಕಮಿಟಿ ಇಲ್ಲದ ಪುಟವೇ ಇರಲಿಲ್ಲ, ಎಲ್ಲ ಕಡೆಯೂ ಯಾರೋ ಕೂತು ಯಾರದೋ ವಿಷಯ ತೀರ್ಮಾನ ಮಾಡುತ್ತಿದ್ದರು. ಒಂದು ಕಡೆ ಸಾಲಿನ ತುದಿಯಲ್ಲಿ com, ಗೀಟು, ಕೆಳಗಿನ ಸಾಲಿನಲ್ಲಿ mittee. ಅಡ್ರೆಸ್ ಮುರಿದದ್ದೂ ಇನ್ನೊಂದು ಪುಟದಲ್ಲಿ ಸಿಕ್ಕಿತು, ಎರಡು ಡಿಗಳ ನಡುವೆಯೇ. ಬೆರಳಿಟ್ಟು ತೋರಿಸಿದೆ.

“ಅಚ್ಚಿನವರು ಮುರಿಯುವುದೂ ಇಲ್ಲೇ, ನನ್ನ ಮಕ್ಕಳು ಮುರಿದದ್ದೂ ಇಲ್ಲೇ. ಮುರಿಯುವ ಜಾಗ ಗೊತ್ತಿದ್ದರೆ ಅಕ್ಷರ ತಪ್ಪುವುದಿಲ್ಲ.”

ಶಿರಸ್ತೇದಾರರು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಅದು ಜಾಗ ಸಾಲದ್ದಕ್ಕೆ” ಅಂದರು. ಇನ್ನೊಂದು ಸ್ಲೇಟು ಎತ್ತಿ ನೋಡಿ, “ಸರಿ, ಒಬ್ಬಳು ಬಂದು ಬೇಡದ ಗೀಟು ಇಲ್ಲದೆ ಬೋರ್ಡಿನ ಮೇಲೆ ಬರೆಯಲಿ” ಅಂದರು.

ಗುರುಪುರದವಳು ಕರೆಯುವ ಮೊದಲೇ ಎದ್ದಿದ್ದಳು. ವಾಕ್ಯವನ್ನು ಒಂದೂ ತಪ್ಪಿಲ್ಲದೆ ಬರೆದಳು. ಶಿರಸ್ತೇದಾರರು ಬೇರೆ ಮಾತು ಕೇಳಿದರು, ಡ್ರೆಸ್, ಕಮಿಟ್, ಸಾರೋ. ಅವನ್ನೂ ಬರೆದಳು. ಕಮಿಟ್‌ಗೆ ಕೊನೆಯಲ್ಲಿ ಟಿ ಎಷ್ಟು ಎಂದು ಅವರು ಕೆಣಕಿದಾಗ, “ಒಂದೇ, ಟೀ ಅನ್ನೋ ತುಂಡು ಸೇರುದ್ರೆ ಮಾತ್ರ ಎರಡಾಯ್ತದೆ ಸ್ವಾಮಿ” ಎಂದು ಎದುರಿಗೇ ಹೇಳಿದಳು.

“ಸರಿಯಾಗಿದೆ” ಅಂದರು ಶಿರಸ್ತೇದಾರರು. ಅಷ್ಟರಮಟ್ಟಿಗೆ ಆ ಮನುಷ್ಯ ಸತ್ಯವಂತ. “ಯಜಮಾನರೇ, ಎಲ್ಲರದೂ ಸರಿಯಾಗಿದೆ. ಕಲಿತಿದ್ದಾರೆ.”

ಯಜಮಾನರು ಪತ್ರಿಕೆಯನ್ನು ಮತ್ತೆ ಮಡಿಚಿ ಕಂಕುಳಿಗೆ ಸೇರಿಸಿಕೊಂಡರು. ಮುಖದಲ್ಲಿ ಬೇಜಾರಿನ ಸುಳಿವೇ ಇಲ್ಲ.

“ಬಾಳ ಸಂತೋಸ ಕಣ್ರವ್ವ” ಅಂದರು. “ಕಲಿತವೆ, ಒಪ್ಕೊಂಡೆ. ಇಂಗ್ಲೀಸಲ್ಲಿ ನಾಳೆ ಅನ್ನಾಕೆ ಬಂತು, ವಿಳಾಸ ಬರೆಯಾಕೆ ಬಂತು, ನಮ್ಮ ಕಮಿಟಿ ಎಸರೂ ಬರೆಯಾಕೆ ಬಂತು. ಕಲಿತ ಮ್ಯಾಲೆ ಇನ್ಯಾಕೆ ಕ್ಲಾಸು? ಒಳೆ ದಾಟಿದ ಮ್ಯಾಲೆ ಅಂಬಿಗನ ಅಂಗ್ಯಾಕೆ? ನಾಳೆಯಿಂದ ಆ ಒತ್ನಲ್ಲಿ ಒಲಿಗೆ ಇಟ್ಕಳಾನ.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದೊಡನೆ ಎದುರು ಹೇಳಿದೆ. “ಅವರು ಹೊಳೆ ದಾಟಿಲ್ಲ ಯಜಮಾನರೇ. ನೀರಿಗೆ ಕಾಲಿಟ್ಟಿದ್ದಾರೆ, ಅಷ್ಟೇ.”

“ಕಾಲು ನೆಂದೈತಲ್ಲ ಮೇಷ್ಟ್ರಮ್ಮ, ಎಣ್ಮಕ್ಕಳಿಗೆ ಅಷ್ಟು ಸಾಕು ಬುಡಿ.”

ಉಳಿದ ಮೂವರು ತಲೆಯಾಡಿಸಿದರು. ನಾನು ಶಿರಸ್ತೇದಾರರನ್ನು ನೋಡಿದೆ. ಆಗ ಒಂದು ಮಾತು ಅವರು ಆಡಬಹುದಾಗಿತ್ತು. ಮೂರು ಮಾತು ಬಂದರೆ ಭಾಷೆ ಬಂದ ಹಾಗಲ್ಲ ಎಂದು ಅವರಿಗಿಂತ ಚೆನ್ನಾಗಿ ಅಲ್ಲಿ ಯಾರಿಗೆ ಗೊತ್ತಿತ್ತು? ಅವರು ನಶ್ಯದ ಡಬ್ಬಿ ತೆಗೆದು ಅದರ ಮುಚ್ಚಳ ನೋಡುತ್ತ ಕೂತರು. ಯಜಮಾನರದು ಅಜ್ಞಾನ ಎನ್ನೋಣ. ತಿಳಿದೂ ಸುಮ್ಮನೆ ಕೂತ ಆ ಕನ್ನಡಕದ ಮುಖವನ್ನು ನಾನು ಇನ್ನೂ ಕ್ಷಮಿಸಿಲ್ಲ, ಕ್ಷಮಿಸುವ ಇಚ್ಛೆಯೂ ಇಲ್ಲ.

ಮಾರನೆಯ ಬೆಳಿಗ್ಗೆ ಯಜಮಾನರ ಮಂಡಿಗೇ ಹೋದೆ. ಮೂಟೆಗಳ ನಡುವೆ ಕೂತಿದ್ದರು. ಚಾಪೆ ಹಾಕಿಸಿದರು, ಕಾಫಿ ತರಿಸಿದರು. ನಾನು ಮುಟ್ಟಲಿಲ್ಲ.

“ಕ್ವಾಪ ಮಾಡ್ಕಬ್ಯಾಡಿ ಮೇಷ್ಟ್ರಮ್ಮ” ಅಂದರು. “ನಮ್ಮ ಎಣ್ಮಕ್ಕಳು ಒಂದು ಕಾಗದದ ಮ್ಯಾಲೆ ವಿಳಾಸ ಬರೆದ್ರೆ ಸಾಲ್ದಾ?”

“ವಿಳಾಸ ಬರೆದ ಮೇಲೆ ಒಳಗೆ ಒಂದು ಕಾಗದವೂ ಇರಬೇಕಲ್ಲ ಯಜಮಾನರೇ.”

ಅವರು ನಕ್ಕರು, ಅದೇ ಬೆಣ್ಣೆಯ ನಗು. “ಎಲ್ಲ ಕಾಗದಾನೂ ಅವೇ ಬರಕಂಡು ಕೂತ್ರೆ ಮುದ್ದೆ ತಿರುವೋರು ಯಾರು?”

“ಗುರುಪುರದ ಹುಡುಗಿಗೆ ಇಂಗ್ಲಿಷ್ ಪರೀಕ್ಷೆ ಬೇಕೇ ಬೇಕು. ಅವಳೊಬ್ಬಳಿಗಾದರೂ ಹೇಳಿಕೊಡುತ್ತೇನೆ.”

“ಒಬ್ಬಳಿಗೋಸ್ಕರ ಕ್ಲಾಸು ನಡೆಸಾಕಾಯ್ತದಾ? ನೀವೇ ಯೇಳಿ. ನಿಮಗೂ ಸಂಬಳಕ್ಕೇನೂ ಮೋಸ ಇಲ್ಲ, ಒಲಿಗೆ ನೀವೇ ಯೇಳ್ಕೊಡಿ.”

ಬೈದರೆ ವಾಪಸು ಬೈಯಬಹುದು. ಹೊಡೆದರೆ ಕೂಗಬಹುದು. ಕಾಫಿ ಕೊಟ್ಟು, ಮೇಷ್ಟ್ರಮ್ಮ ಎಂದು ಕರೆದು, ನಗುತ್ತ ನಗುತ್ತ ಕತ್ತು ಹಿಸುಕುವವರನ್ನು ಏನು ಮಾಡಬೇಕೋ ನನಗೆ ಗೊತ್ತಾಗಲಿಲ್ಲ. ನನಗೆ ಹೊಲಿಗೆ ಬರುವುದಿಲ್ಲ ಎಂದು ಹೇಳಿ ಎದ್ದು ಬಂದೆ. ಅದು ಸುಳ್ಳಾಗಿರಲಿಲ್ಲ. ಕೊನೆಗೆ ಯಾರದೋ ಮನೆಯ ಸೊಸೆಯನ್ನು ಹೊಲಿಗೆಗೆ ಕರೆತಂದರು, ನನಗೆ ಚಿಕ್ಕ ತರಗತಿಯ ಕನ್ನಡ ಕಾಗುಣಿತ ಕೊಟ್ಟರು.

ಇಂಗ್ಲಿಷ್ ಹೆಸರಿನಲ್ಲಿ ಗ್ರಾಂಟು ಪಡೆದು ಕ್ಲಾಸು ನಿಲ್ಲಿಸಿದ್ದಾರೆ ಎಂದು ಇಲಾಖೆಗೆ ಬರೆದೆ. ಶಾಲೆ ನಡೆಸುವ ಸ್ಥಳೀಯ ಕಮಿಟಿಯ ತೀರ್ಮಾನದಲ್ಲಿ ನಾವು ಕೈ ಹಾಕುವುದಿಲ್ಲ ಎಂದು ಉತ್ತರ ಬಂತು. ಸಂಜೆ ನನ್ನ ಜಗಲಿಗೆ ಬನ್ನಿ, ಅಲ್ಲೇ ಹೇಳಿಕೊಡುತ್ತೇನೆ ಎಂದು ಹುಡುಗಿಯರಿಗೆ ಹೇಳಿದೆ. ಎರಡು ದಿನ ಎಲ್ಲರೂ ಬಂದರು. ಕಮಿಟಿ ಬೇಡವೆಂದ ಮೇಲೂ ಹೋಗುತ್ತೀರಾ ಎಂದು ಮನೆಗಳಲ್ಲಿ ತಡೆದರು. ಆಮೇಲೆ ಒಬ್ಬಳೇ ಬರುತ್ತಿದ್ದಳು. ಅವಳ ದೊಡ್ಡಮ್ಮ ಮಾತ್ರ ತಡೆಯಲಿಲ್ಲ. ಜಗಲಿಯ ಇನ್ನೊಂದು ತುದಿಯಲ್ಲಿ ಎಲೆ ಹಚ್ಚುತ್ತ ಕೂತು ನಾವು ಓದುವುದನ್ನು ಕೇಳುತ್ತಿದ್ದರು.

ಪರೀಕ್ಷೆಗೆ ಹೆಸರು ಕಳಿಸುವ ಹೊತ್ತು ಬಂತು. ಶಾಲೆಯಲ್ಲಿ ಇಂಗ್ಲಿಷ್ ಓದಿದ್ದಾಳೆ ಎಂದು ಕಮಿಟಿ ರುಜು ಹಾಕಿ ಕೊಡಬೇಕು. ಕ್ಲಾಸೇ ಇಲ್ಲದ ಮೇಲೆ ಓದಿದ್ದಾಳೆ ಎಂದು ಹೇಗೆ ಬರೆದುಕೊಡುವುದು, ಅದು ಸುಳ್ಳಾಗುವುದಿಲ್ಲವೇ, ಎಂದರಂತೆ ಯಜಮಾನರು. ಸತ್ಯದ ಮೇಲೆ ಅವರಿಗೆ ಎಲ್ಲಿಂದ ಬಂತೋ ಅಷ್ಟೊಂದು ಪ್ರೀತಿ. ನಾನೇ ಹೋಗಿ ಜಗಳವಾಡಿದೆ, ಬೀದಿಯವರೆಲ್ಲ ನಿಂತು ಕೇಳುವ ಹಾಗೆ ಆಡಿದೆ. ರುಜು ಬೀಳಲಿಲ್ಲ.

ಅವಳ ಅಪ್ಪ ಗುರುಪುರದಿಂದ ಗಾಡಿ ಕಟ್ಟಿಕೊಂಡು ಬಂದರು. ಒಳ್ಳೆಯ ಮನುಷ್ಯ, ನನಗೆ ಕೈ ಮುಗಿದರು. “ಇಷ್ಟು ದಿನ ಕಲಿಸಿದ್ರಿ, ನಿಮ್ಮ ಹೊಟ್ಟೆ ತಣ್ಣಗಿರ್ಲಿ” ಅಂದರು. ನನ್ನ ಹೊಟ್ಟೆ ಆಗಲೂ ತಣ್ಣಗಿರಲಿಲ್ಲ, ಈಗಲೂ ಇಲ್ಲ. ದೊಡ್ಡಮ್ಮ ಬಾಗಿಲಿನಲ್ಲೇ ನಿಂತಿದ್ದರು. ಸುಮ್ಮನೆ ಆಸೆ ಹುಟ್ಟಿಸಬೇಡಿ ಎಂದು ಮೊದಲೇ ಹೇಳಿದ್ದ ಆ ಹೆಂಗಸು ನನ್ನ ಮೇಲೆ ಒಂದು ಮಾತೂ ಎತ್ತಿ ಆಡಲಿಲ್ಲ. ಆಡಿದ್ದರೆ ಎಷ್ಟೋ ವಾಸಿಯಾಗಿತ್ತು.

ಹುಡುಗಿ ಬಟ್ಟೆಯ ಗಂಟನ್ನು ಗಾಡಿಯಲ್ಲಿಟ್ಟು ನನ್ನ ಹತ್ತಿರ ಬಂದಳು. ಅಳುತ್ತಿರಲಿಲ್ಲ. ಏನನ್ನೋ ಲೆಕ್ಕ ಹಾಕುತ್ತಿದ್ದವಳ ಮುಖ.

“ಅಮ್ಮಾವ್ರೇ, ಅವತ್ತು ನಾವು ತಪ್ಪು ಬರ್ದಿದ್ರೆ ಕ್ಲಾಸು ಉಳೀತಿತ್ತಾ?”

“ಇಲ್ಲ ಕಣವ್ವ. ತಪ್ಪು ಬರೆದಿದ್ದರೂ ಮುಚ್ಚುತ್ತಿದ್ದರು.”

ಗಾಡಿಯ ಕಡೆಗೆ ತಿರುಗಿದವಳು ಮತ್ತೆ ನನ್ನ ಕಡೆಗೆ ಬಂದಳು.

“ಅಂಗಾದ್ರೆ ನಮ್ಮನ್ನ ಬರ್ಸಿದ್ದಾದ್ರೂ ಯಾಕೆ?”

ಎತ್ತು ಹೂಡಿ ಆಗಿತ್ತು. ಹೊತ್ತಾಯಿತೆಂದು ಅವಳ ಅಪ್ಪ ಕೂಗಿದರು. ಇಂಗ್ಲಿಷ್ ಹೇಳಿಕೊಟ್ಟವಳು ನಾನು, ಯಾವ ಮಾತಿಗೆ ಯಾವ ಅಕ್ಷರ ಎರಡು, ಯಾಕೆ ಎರಡು ಎಂದು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವಳು. ಅವಳು ಉತ್ತರಕ್ಕೆ ಕಾದಳು, ಆಮೇಲೆ ಹೋಗಿ ಗಾಡಿ ಹತ್ತಿದಳು.